ವಾರಕ್ಕೆ 5 ಪೌಂಡ್: ಕರಾರಿನ ಹೊರಗೆ ಉಳಿದ ವಿಧವೆ ಮತ್ತು ಮಾತು ತಪ್ಪಿದ ಸೋದರನ ಮಗ

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ಎಕಲ್ಸ್ ಊರಿನಲ್ಲಿ ಪೀಟರ್ ಬೆಸ್ವಿಕ್ ಎಂಬ ಕಲ್ಲಿದ್ದಲು ವ್ಯಾಪಾರಿ ಇದ್ದರು. ದೊಡ್ಡ ವ್ಯಾಪಾರವೇನಲ್ಲ. ಒಂದು ಲಾರಿ, ಒಂದು ತಕ್ಕಡಿ, ತೂಕದ ಕಲ್ಲುಗಳು, ಅಷ್ಟೇ. ಕಲ್ಲಿದ್ದಲು ಮಂಡಳಿಯ ಅಂಗಳಕ್ಕೆ ಲಾರಿ ಒಯ್ದು, ಅಲ್ಲಿ ಚೀಲಕ್ಕೆ ತುಂಬಿಕೊಂಡು, ಸುತ್ತಲಿನ ಮನೆಗಳಿಗೆ ಹಾಕಿ ಬರುತ್ತಿದ್ದರು. ಸೋದರನ ಮಗ ಜಾನ್ ಅವರಿಗೆ ಕೈ ಜೋಡಿಸುತ್ತಿದ್ದ.

1962ರ ಹೊತ್ತಿಗೆ ಪೀಟರ್ ಮತ್ತು ಹೆಂಡತಿ ಇಬ್ಬರಿಗೂ 70 ದಾಟಿತ್ತು. ಪೀಟರ್‌ಗೆ ಒಂದು ಕಾಲು ತೆಗೆದಿದ್ದರು, ಆರೋಗ್ಯವೂ ಸರಿ ಇರಲಿಲ್ಲ. ವ್ಯಾಪಾರ ತನ್ನ ಕೈಗೆ ಬರಲಿ ಎಂದು ಜಾನ್‌ಗೆ ಆಸೆ. ಇಬ್ಬರೂ ವಕೀಲರ ಹತ್ತಿರ ಹೋಗಿ ಆ ವರ್ಷದ ಮಾರ್ಚ್‌ನಲ್ಲಿ ಒಂದು ಕರಾರು ಬರೆಸಿದರು. ವ್ಯಾಪಾರವೆಲ್ಲ ಜಾನ್‌ಗೆ. ಅದಕ್ಕೆ ಬದಲಾಗಿ ಪೀಟರ್ ಬದುಕಿರುವವರೆಗೂ ಅವರನ್ನು ಸಲಹೆಗಾರರಾಗಿ ಇಟ್ಟುಕೊಂಡು ವಾರಕ್ಕೆ 6 ಪೌಂಡ್ 10 ಶಿಲ್ಲಿಂಗ್ ಕೊಡಬೇಕು. ಪೀಟರ್ ತೀರಿಕೊಂಡ ಮೇಲೆ ಅವರ ವಿಧವೆಗೆ ವಾರಕ್ಕೆ 5 ಪೌಂಡ್ ಕೊಡಬೇಕು. ಆ ಹೆಂಡತಿಯ ಹೆಸರು ರೂತ್. ಕರಾರಿಗೆ ಪೀಟರ್ ಮತ್ತು ಜಾನ್ ಇಬ್ಬರೇ ಪಕ್ಷಗಾರರು. ರೂತ್ ಪಕ್ಷಗಾರಳಾಗಿರಲಿಲ್ಲ.

ಪೀಟರ್ 1963ರ ನವೆಂಬರ್ 3ರಂದು ತೀರಿಕೊಂಡರು. ರೂತ್‌ಗೆ ಆಗ 74. ಜಾನ್ ಮೊದಲ 5 ಪೌಂಡ್ ಕೊಟ್ಟ. ಆಮೇಲೆ ನಿಲ್ಲಿಸಿಬಿಟ್ಟ.

1964ರ ಜುಲೈ 15ರಂದು ರೂತ್ ದಾವೆ ಹಾಕಿದರು. ಬಾಕಿ 175 ಪೌಂಡ್ ಎಂದು ಕೇಳಿದರು. ವಾರಕ್ಕೆ 5ರಂತೆ ಅದು 35 ವಾರದ ಹಣ. ಇಷ್ಟು ಸಣ್ಣ ಮೊತ್ತದ ಈ ದಾವೆ ಮೂರು ಹಂತ ಏರಿ, 1967ರ ಜೂನ್‌ನಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮುಗಿಯಿತು. ಅದೇ ಬೆಸ್ವಿಕ್ ವಿರುದ್ಧ ಬೆಸ್ವಿಕ್ ಪ್ರಕರಣ. ಭಾರತದ ಕಾನೂನು ತರಗತಿಗಳಲ್ಲೂ ಇದನ್ನು ಓದುತ್ತಾರೆ. ಆದರೆ ಸಾಮಾನ್ಯವಾಗಿ 'ವಿಧವೆ ಗೆದ್ದಳು' ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆಕೆ ಹೇಗೆ ಗೆದ್ದರು, ಯಾವ ದಾರಿಯಲ್ಲಿ ಸೋತರು ಎಂಬುದೇ ಇಲ್ಲಿನ ನಿಜವಾದ ಪಾಠ. ಅದನ್ನು ನಿಧಾನವಾಗಿ ನೋಡೋಣ.

ಎರಡು ಬಾಗಿಲು, ಎರಡೂ ಮುಚ್ಚಿದ್ದವು

ಒಂದು ಕರಾರಿನಲ್ಲಿ ಮಾತು ಕೊಟ್ಟವನು ಒಬ್ಬ, ಮಾತು ಪಡೆದವನು ಒಬ್ಬ ಇರುತ್ತಾರೆ. ಇಲ್ಲಿ ಮಾತು ಕೊಟ್ಟವನು ಜಾನ್, ಪಡೆದವರು ಪೀಟರ್. ಲಾಭ ಸಿಗಬೇಕಾದವರು ಮಾತ್ರ ಮೂರನೆಯವರು, ರೂತ್. ಹೀಗೆ ಲಾಭ ಒಬ್ಬರಿಗೆ, ಮಾತು ಇನ್ನೊಬ್ಬರಿಗೆ ಆದಾಗ ಇಂಗ್ಲಿಷ್ ಕಾನೂನಿನಲ್ಲಿ ಎರಡು ತೊಂದರೆ ಒಟ್ಟಿಗೇ ಎದುರಾಗುತ್ತವೆ.

ಮೊದಲನೆಯದು ಪ್ರತಿಫಲದ್ದು. ಮಾತಿಗೆ ಬದಲಾಗಿ ಏನಾದರೂ ಕೊಟ್ಟವನಿಗೆ ಮಾತ್ರ ಆ ಮಾತನ್ನು ನಡೆಸಿಕೊಡು ಎಂದು ಕೇಳುವ ಹಕ್ಕು. ಜಾನ್‌ಗೆ ವ್ಯಾಪಾರ ಕೊಟ್ಟವರು ಪೀಟರ್. ರೂತ್ ತಮ್ಮ ಕೈಯಿಂದ ಏನೂ ಕೊಟ್ಟಿರಲಿಲ್ಲ. ಎರಡನೆಯದು ಪಕ್ಷಗಾರಿಕೆಯದ್ದು. ವಕೀಲರು ಇದನ್ನು ಪ್ರಿವಿಟಿ ಎನ್ನುತ್ತಾರೆ. ಕರಾರು ಅದನ್ನು ಮಾಡಿಕೊಂಡವರ ನಡುವಿನ ವಿಷಯ, ಹೊರಗಿನವರು ಅದರ ಮೇಲೆ ದಾವೆ ಹಾಕುವಂತಿಲ್ಲ ಎಂಬ ನಿಯಮ ಇದು.

ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಒಂದೇ ಅಲ್ಲ. ಮೊದಲ ಪ್ರಶ್ನೆ 'ನೀನು ಏನು ಕೊಟ್ಟೆ?' ಎನ್ನುವುದು. ಎರಡನೆಯದು 'ನೀನು ಮಾತುಕತೆಯ ಒಳಗಿದ್ದೆಯಾ?' ಎನ್ನುವುದು. ಇಂಗ್ಲೆಂಡಿನಲ್ಲಿ ಎರಡೂ ಬಾಗಿಲು ಮುಚ್ಚಿದ್ದವು. ಭಾರತದಲ್ಲಿ ಒಂದು ಮಾತ್ರ ಮುಚ್ಚಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ನಿಯಮ ಎಷ್ಟು ಗಟ್ಟಿ ಎಂದು ತಿಳಿಯಲು 1861ರ ಟ್ವೆಡಲ್ ವಿರುದ್ಧ ಆಟ್ಕಿನ್ಸನ್ ಪ್ರಕರಣ ನೋಡಬೇಕು. ಗಂಡಿನ ತಂದೆ, ಹೆಣ್ಣಿನ ತಂದೆ ಇಬ್ಬರೂ ಸೇರಿ ಹೊಸ ದಂಪತಿಗೆ ಹಣ ಕೊಡಲು ಒಪ್ಪಿಕೊಂಡಿದ್ದರು. ಹೆಣ್ಣಿನ ತಂದೆ 200 ಪೌಂಡ್, ಗಂಡಿನ ತಂದೆ 100 ಪೌಂಡ್. ಕೊಡದಿದ್ದರೆ ಮದುಮಗ ದಾವೆ ಹಾಕಬಹುದು ಎಂದು ಕರಾರಿನಲ್ಲೇ ಬರೆದಿತ್ತು. ಹೆಣ್ಣಿನ ತಂದೆ ಕೊಡದೆ ತೀರಿಕೊಂಡರು. ಮದುಮಗ ಅವರ ಆಸ್ತಿ ನೋಡಿಕೊಳ್ಳುತ್ತಿದ್ದವರ ಮೇಲೆ ದಾವೆ ಹಾಕಿದ, ಸೋತ. ಹಕ್ಕು ಕೊಡುತ್ತೇವೆ ಎಂದು ಇಬ್ಬರು ಬರೆದರೂ, ಪ್ರತಿಫಲ ಕೊಡದವನಿಗೆ ಹಕ್ಕು ಹುಟ್ಟುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ರೂತ್‌ರ ಕರಾರಿನಲ್ಲಿ ಅಷ್ಟೂ ಬರೆದಿರಲಿಲ್ಲ.

ಒಬ್ಬಳೇ ಹೆಂಗಸು, ಎರಡು ವೇಷ

ರೂತ್‌ರ ವಕೀಲರು ಮಾಡಿದ ಒಂದು ಕೆಲಸ ಇಡೀ ಪ್ರಕರಣವನ್ನು ಉಳಿಸಿತು. ದಾವೆ ಹಾಕುವುದಕ್ಕೆ ಸುಮಾರು ಎರಡು ವಾರ ಮುಂಚೆ, 1964ರ ಜೂನ್ 30ರಂದು, ಗಂಡನ ಆಸ್ತಿಗೆ ಆಡಳಿತಗಾರ್ತಿ ಎಂಬ ಅಧಿಕಾರ ಪತ್ರ ಪಡೆದುಕೊಂಡರು. ಪೀಟರ್ ಬಿಟ್ಟುಹೋದ ಹಕ್ಕು, ಸಾಲ, ಸೊತ್ತನ್ನೆಲ್ಲ ಅವರ ಪರವಾಗಿ ನಡೆಸುವ ಅಧಿಕಾರ ಇದು. ದಾವೆಯಲ್ಲಿ ರೂತ್ ಎರಡು ರೂಪದಲ್ಲಿ ನಿಂತರು. ಒಂದು, ಪೀಟರ್ ಆಸ್ತಿಯ ಆಡಳಿತಗಾರ್ತಿಯಾಗಿ. ಇನ್ನೊಂದು, ತಮ್ಮ ಸ್ವಂತ ಹಕ್ಕಿನಲ್ಲಿ.

ಕೇಳುವುದಕ್ಕೆ ಸುಮ್ನೆ ಕಾಗದದ ಕೆಲಸ ಅನ್ನಿಸಬಹುದು. ಆದರೆ ಕಾನೂನಿನ ಕಣ್ಣಿಗೆ ಈ ಇಬ್ಬರು ರೂತ್ ಬೇರೆ ಬೇರೆ. ಸ್ವಂತ ಹಕ್ಕಿನ ರೂತ್ ಕರಾರಿನ ಹೊರಗಿನವರು. ಆಡಳಿತಗಾರ್ತಿ ರೂತ್ ಪೀಟರ್ ಜಾಗದಲ್ಲಿ ನಿಂತವರು. ಪೀಟರ್‌ಗೆ ಇದ್ದ ಹಕ್ಕೆಲ್ಲ ಅವರ ಕೈಯಲ್ಲಿ ಇದೆ. ಪೀಟರ್ ಮಾತು ಪಡೆದವರು, ಪ್ರತಿಫಲ ಕೊಟ್ಟವರು. ಎರಡೂ ಬಾಗಿಲು ಅವರಿಗೆ ತೆರೆದೇ ಇದ್ದವು.

ಆದರೂ ಮೊದಲ ನ್ಯಾಯಾಲಯದಲ್ಲಿ ದಾವೆ ವಜಾ ಆಯಿತು. ಅಪೀಲು ನ್ಯಾಯಾಲಯದಲ್ಲಿ ಪೀಠದ ಮುಖ್ಯಸ್ಥರಾಗಿದ್ದವರು ಲಾರ್ಡ್ ಡೆನ್ನಿಂಗ್. ಅಲ್ಲಿ ರೂತ್ ಗೆದ್ದರು. ಮೂವರೂ ನ್ಯಾಯಾಧೀಶರು ಆಡಳಿತಗಾರ್ತಿಯಾಗಿ ಆಕೆಗೆ ಪರಿಹಾರ ಉಂಟು ಎಂದರು. ಡೆನ್ನಿಂಗ್ ಇನ್ನೂ ಮುಂದೆ ಹೋಗಿ, ಸ್ವಂತ ಹಕ್ಕಿನಲ್ಲೂ ಆಕೆ ದಾವೆ ಹಾಕಬಹುದು ಎಂದರು. ಅದಕ್ಕೆ ಅವರು ಆಧಾರ ಮಾಡಿಕೊಂಡ ಒಂದು ವಿಷಯ 1925ರ ಆಸ್ತಿ ಕಾನೂನಿನ 56ನೇ ಕಲಂ. ಭೂಮಿ ಅಥವಾ ಬೇರೆ ಸೊತ್ತಿಗೆ ಸಂಬಂಧಿಸಿದ ಕರಾರಿನ ಲಾಭವನ್ನು ಪಕ್ಷಗಾರನೆಂದು ಹೆಸರಿಸದವನೂ ಪಡೆಯಬಹುದು ಎಂದು ಆ ಕಲಂ ಹೇಳುತ್ತದೆ. 'ಬೇರೆ ಸೊತ್ತು' ಎಂದರೆ ಎಲ್ಲ ಬಗೆಯ ಸೊತ್ತೂ ಬಂತು, ಹಣ ಕೇಳುವ ಹಕ್ಕೂ ಬಂತು ಎಂಬ ವಾದ.

ಜಾನ್ ಹೌಸ್ ಆಫ್ ಲಾರ್ಡ್ಸ್‌ಗೆ ಹೋದ. ಅಲ್ಲಿ ಐದು ಮಂದಿ ಕೇಳಿದರು. 56ನೇ ಕಲಮಿನ ಆ ವಾದವನ್ನು ಅವರು ಒಪ್ಪಲಿಲ್ಲ. ಆ ಕಾನೂನು ಹಳೆಯ ಆಸ್ತಿ ಕಾನೂನುಗಳನ್ನು ಒಟ್ಟುಗೂಡಿಸಿ ಬರೆದದ್ದು. ಅದರ ಒಂದು ಕಲಮಿನ ಮೂಲಕ ನೂರು ವರ್ಷದ ಪಕ್ಷಗಾರಿಕೆಯ ನಿಯಮವನ್ನೇ ಕಿತ್ತುಹಾಕುವ ಉದ್ದೇಶ ಸಂಸತ್ತಿಗೆ ಇದ್ದಿರಲಾರದು ಎಂದು ಅವರ ಅಭಿಪ್ರಾಯ. ಆದ್ದರಿಂದ ಸ್ವಂತ ಹಕ್ಕಿನ ರೂತ್ ಸೋತರು. ಆಡಳಿತಗಾರ್ತಿ ರೂತ್ ಗೆದ್ದರು.

ನಷ್ಟ ಎಷ್ಟು ಎಂಬ ಕಗ್ಗಂಟು

ಆಡಳಿತಗಾರ್ತಿಗೆ ದಾವೆ ಹಾಕುವ ಹಕ್ಕಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಏನು ಪರಿಹಾರ ಸಿಗುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಇಲ್ಲಿ.

ಕರಾರು ಮುರಿದರೆ ಮಾಮೂಲಿ ಪರಿಹಾರ ನಷ್ಟ ತುಂಬಿಕೊಡುವುದು. ಯಾರ ನಷ್ಟ? ದಾವೆ ಹಾಕಿದವರ ನಷ್ಟ. ದಾವೆ ಹಾಕಿದ್ದು ಪೀಟರ್ ಆಸ್ತಿ. ವಿಧವೆಗೆ ವಾರಕ್ಕೆ 5 ಪೌಂಡ್ ಸಿಗದೆ ಹೋದರೆ ಸತ್ತ ಪೀಟರ್‌ಗೆ ಏನು ನಷ್ಟ? ಹಣ ಅವರ ಆಸ್ತಿಗೆ ಬರಬೇಕಾದದ್ದೇ ಅಲ್ಲ, ರೂತ್ ಕೈಗೆ ಹೋಗಬೇಕಾದದ್ದು. ಹಾಗಾಗಿ ಆಸ್ತಿಗೆ ಆದ ನಷ್ಟ ಹೆಸರಿಗೆ ಮಾತ್ರ ಎಂದು ಜಾನ್ ಕಡೆಯವರು ವಾದಿಸಿದರು. ಹೆಸರಿಗೊಂದು ಪರಿಹಾರ ಕೊಟ್ಟು ಕೈತೊಳೆದುಕೊಳ್ಳುವ ದಾರಿ ಅದು. ಇನ್ನೊಂದು ವಾದವೂ ಇತ್ತು. ಹಣ ಕೊಡುವ ಕರಾರಿನಲ್ಲಿ 'ಮಾತಿನಂತೆ ನಡೆ' ಎಂದು ನ್ಯಾಯಾಲಯ ಆದೇಶಿಸುವ ರೂಢಿ ಇಲ್ಲ, ನಷ್ಟ ಪರಿಹಾರ ಮಾತ್ರ ಎಂದು.

ಈ ತರ್ಕ ಒಂದು ಕ್ಷಣ ಸರಿ ಎಂದೇ ತೋರುತ್ತದೆ. ಅದೇ ಅದರ ಅಪಾಯ. ಪಕ್ಷಗಾರಳಲ್ಲ ಎಂದು ವಿಧವೆಯನ್ನು ಒಂದು ಬಾಗಿಲಲ್ಲಿ ಹೊರಗೆ ಹಾಕು. ನಷ್ಟ ಆಗಿಲ್ಲ ಎಂದು ಆಸ್ತಿಯನ್ನು ಇನ್ನೊಂದು ಬಾಗಿಲಲ್ಲಿ ಹೊರಗೆ ಹಾಕು. ಕೊನೆಗೆ ಉಳಿಯುವುದು ಏನು? ಮಾತು ಮುರಿದದ್ದು ಎಲ್ಲರಿಗೂ ಗೊತ್ತು, ಕೇಳುವವರು ಮಾತ್ರ ಯಾರೂ ಇಲ್ಲ.

ಆ ಐವರಲ್ಲಿ ಒಬ್ಬರಾದ ಲಾರ್ಡ್ ರೀಡ್ ಇದನ್ನು ನೇರವಾಗಿ ಎದುರಿಸಿದರು. ಹೆಸರಿಗೆ ಮಾತ್ರದ ಪರಿಹಾರ ಸಾಕು ಎಂದರೆ ಜಾನ್ ಬರೀ 40 ಶಿಲ್ಲಿಂಗ್, ಅಂದರೆ 2 ಪೌಂಡ್ ಕೊಟ್ಟು, ಬೆಲೆಯ ಸ್ವಲ್ಪ ಭಾಗವನ್ನಷ್ಟೇ ತೀರಿಸಿ, ವ್ಯಾಪಾರವನ್ನು ಪೂರ್ತಿ ಇಟ್ಟುಕೊಂಡಂತೆ ಆಗುತ್ತದೆ. ಇದು ಘೋರ ಅನ್ಯಾಯ ಎಂದು ಅವರ ನಿಲುವು. ಹಾಗಾಗಿ ನಷ್ಟ ಪರಿಹಾರ ಕಡಿಮೆ ಬೀಳುತ್ತದೆ ಎನ್ನುವುದೇ, ಮಾತಿನಂತೆ ನಡೆ ಎಂದು ಆದೇಶಿಸಲು ಕಾರಣವಾಯಿತು. ಜಾನ್ ಕಟ್ಟಿದ ವಾದ ಅವನಿಗೇ ತಿರುಗಿಬಿತ್ತು. ನಷ್ಟ ಹೆಸರಿಗೆ ಮಾತ್ರ ಎಂದು ಅವನು ಎಷ್ಟು ಬಲವಾಗಿ ಹೇಳಿದರೆ, ನಷ್ಟ ಪರಿಹಾರ ಸಾಲದು ಎಂಬುದು ಅಷ್ಟೇ ಬಲವಾಗಿ ಸಾಬೀತಾಗುತ್ತದೆ, ಅಲ್ವಾ?

ಐವರಲ್ಲಿ ಲಾರ್ಡ್ ಪಿಯರ್ಸ್ ಮಾತ್ರ ನಷ್ಟ ಹೆಸರಿಗಷ್ಟೇ ಎಂಬುದನ್ನೂ ಒಪ್ಪಲಿಲ್ಲ. ದೊಡ್ಡ ಮೊತ್ತವೇ ಸಿಗಬಹುದಿತ್ತು ಎಂದು ಅವರ ಅಭಿಪ್ರಾಯ. ಆದರೂ 'ಮಾತಿನಂತೆ ನಡೆ' ಎಂಬ ಆದೇಶ, ಅಂದರೆ ನಿರ್ದಿಷ್ಟ ಪಾಲನೆಯ ಆದೇಶವೇ ಸೂಕ್ತ ಎಂದು ಅವರೂ ಹೇಳಿದರು. ಇನ್ನೊಂದು ಅಂಶವೂ ಕೆಲಸ ಮಾಡಿತು. ಪೀಟರ್ ವ್ಯಾಪಾರ ಕೊಡಲು ಹಿಂಜರಿದಿದ್ದರೆ, ಜಾನ್ ನ್ಯಾಯಾಲಯಕ್ಕೆ ಹೋಗಿ ವ್ಯಾಪಾರ ಕೊಡಿಸಿಕೊಳ್ಳಬಹುದಿತ್ತು. ಅವನಿಗೆ ಆ ಸವಲತ್ತು ಇದ್ದಾಗ, ಎದುರು ಕಡೆಯವರಿಗೂ ಅದು ಇರಬೇಕು.

ಹೀಗೆ ಆದೇಶ ಆಯಿತು. ಹಿಂದಿನ ಬಾಕಿ ಕೊಡಬೇಕು, ರೂತ್ ಬದುಕಿರುವವರೆಗೆ ವಾರಕ್ಕೆ 5 ಪೌಂಡ್ ಕೊಡಬೇಕು. ಆದೇಶ ಪಡೆದದ್ದು ಪೀಟರ್ ಆಸ್ತಿ. ಹಣ ಹೋದದ್ದು ರೂತ್ ಕೈಗೆ.

ಇಲ್ಲಿ ನಿಂತು ಒಂದು 'ಹಾಗಾಗಿದ್ದರೆ' ಕೇಳಬೇಕು. ಪೀಟರ್ ಉಯಿಲು ಬರೆದು, ಅದನ್ನು ನಡೆಸುವವನಾಗಿ ಜಾನ್‌ನನ್ನೇ ನೇಮಿಸಿದ್ದರೆ? ವ್ಯಾಪಾರ ನೋಡಿಕೊಳ್ಳುವವನೇ ಆಸ್ತಿಯನ್ನೂ ನೋಡಿಕೊಳ್ಳಲಿ ಎಂದು ವಯಸ್ಸಾದವರು ಯೋಚಿಸುವುದು ಸಹಜ. ಆಗ ಮಾತು ಪಡೆದವರ ಜಾಗದಲ್ಲಿ ನಿಲ್ಲುವವನೂ ಮಾತು ಕೊಟ್ಟವನೇ. ತನ್ನ ಮೇಲೆ ತಾನೇ ದಾವೆ ಹಾಕುತ್ತಾನೆಯೇ? ಅವನನ್ನು ಆ ಹುದ್ದೆಯಿಂದ ತೆಗೆಸುವುದಕ್ಕೇ ರೂತ್ ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗುತ್ತಿತ್ತು. ಬೇರೆಯವರು ಆ ಹುದ್ದೆಯಲ್ಲಿದ್ದು, ಅವರಿಗೆ ಆಸಕ್ತಿ ಇಲ್ಲದಿದ್ದರೂ ಅದೇ ತೊಂದರೆ. ರೂತ್ ಗೆದ್ದದ್ದು ಅವರು ಲಾಭ ಪಡೆಯಬೇಕಾದವರು ಎಂಬ ಕಾರಣಕ್ಕಲ್ಲ, ಅವರೇ ಆಡಳಿತಗಾರ್ತಿಯೂ ಆಗಿದ್ದರು ಎಂಬ ಕಾರಣಕ್ಕೆ. ಈ ಒಂದು ಅದೃಷ್ಟ ತೆಗೆದರೆ ಪ್ರಕರಣ ಕುಸಿಯುತ್ತದೆ.

ಇಂಗ್ಲೆಂಡ್ ಈ ಅದೃಷ್ಟದ ಆಟವನ್ನು 1999ರಲ್ಲಿ ನಿಲ್ಲಿಸಿತು. ಆ ವರ್ಷ ಬಂದ ಮೂರನೆಯವರ ಹಕ್ಕುಗಳ ಕಾಯ್ದೆಯ ಪ್ರಕಾರ, ಕರಾರು ಸ್ಪಷ್ಟವಾಗಿ ಹಕ್ಕು ಕೊಟ್ಟಿದ್ದರೆ ಹೊರಗಿನವರೂ ದಾವೆ ಹಾಕಬಹುದು. ಅವರಿಗೆ ಲಾಭ ಕೊಡುವ ಷರತ್ತು ಇದ್ದರೂ ಹಾಕಬಹುದು, ಆದರೆ ಅಂಥ ಹಕ್ಕು ಬೇಡವೆಂದು ಪಕ್ಷಗಾರರ ಉದ್ದೇಶ ಇತ್ತು ಎಂದು ಕರಾರಿನಿಂದ ತಿಳಿದುಬಂದರೆ ಇಲ್ಲ. ಅವರನ್ನು ಹೆಸರಿನಿಂದಲೋ, ಗುಂಪಿನಿಂದಲೋ, ವಿವರಣೆಯಿಂದಲೋ ಗುರುತಿಸಿರಬೇಕು. 'ಅವನ ವಿಧವೆ' ಎಂದು ಬರೆದರೂ ಸಾಕು. ಇವತ್ತು ಎಕಲ್ಸ್‌ನಲ್ಲಿ ಅದೇ ಕರಾರು ಬರೆದರೆ ರೂತ್‌ಗೆ ಆಡಳಿತಗಾರ್ತಿಯ ವೇಷ ಬೇಕಾಗುವುದಿಲ್ಲ.

ಅದೇ ಕರಾರು ದಾವಣಗೆರೆಯಲ್ಲಿ ಆಗಿದ್ದರೆ

ಭಾರತದಲ್ಲಿ ಅಂಥ ಕಾಯ್ದೆ ಇಲ್ಲ. ಹಾಗಾಗಿ ಈ ಪ್ರಶ್ನೆ ನಮಗೆ ಇನ್ನೂ ಬಿಸಿಬಿಸಿಯಾಗೇ ಇದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯಲ್ಲಿ ಒಬ್ಬ ದೊಡ್ಡಪ್ಪನ ಕಿರಾಣಿ ಅಂಗಡಿ. ಮಕ್ಕಳಿಲ್ಲ. ತಮ್ಮನ ಮಗ ವರ್ಷಗಳಿಂದ ಗಲ್ಲಾಪೆಟ್ಟಿಗೆಯಲ್ಲಿ ಕೂತು ದುಡಿದಿದ್ದಾನೆ. ದೊಡ್ಡಪ್ಪ ಅಂಗಡಿ, ಸರಕು, ಹೆಸರು ಎಲ್ಲ ಅವನಿಗೆ ಬರೆದುಕೊಟ್ಟು ಕರಾರಿನಲ್ಲಿ ಸೇರಿಸುತ್ತಾರೆ: 'ನನ್ನ ನಂತರ ನಿನ್ನ ದೊಡ್ಡಮ್ಮನಿಗೆ ತಿಂಗಳಿಗೆ 8,000 ರೂಪಾಯಿ ಕೊಡಬೇಕು.' ದೊಡ್ಡಮ್ಮ ಒಳಗೆ ಕಾಫಿ ಮಾಡುತ್ತಿದ್ದಾರೆ. ಸಹಿ ಹಾಕಲು ಯಾರೂ ಕರೆಯುವುದಿಲ್ಲ.

ಮೊದಲು ಪ್ರತಿಫಲದ ಬಾಗಿಲು. 1872ರ ಭಾರತೀಯ ಕರಾರು ಅಧಿನಿಯಮದ 2(ಡಿ) ಕಲಂ ಇಂಗ್ಲೆಂಡಿನ ನಿಯಮದಿಂದ ದೂರ ಹೋಗಿದೆ. ಮಾತು ಕೊಟ್ಟವನ ಇಚ್ಛೆಯಂತೆ, ಮಾತು ಪಡೆದವನು 'ಅಥವಾ ಬೇರೆ ಯಾರಾದರೂ' ಏನಾದರೂ ಮಾಡಿದ್ದರೆ ಅದೇ ಪ್ರತಿಫಲ. ಅಂದರೆ ಪ್ರತಿಫಲ ಯಾರ ಕೈಯಿಂದ ಬಂದರೂ ನಡೆಯುತ್ತದೆ. 1882ರಲ್ಲಿ ಮದ್ರಾಸ್ ಹೈಕೋರ್ಟಿನ ಚಿನ್ನಯ್ಯ ವಿರುದ್ಧ ರಾಮಯ್ಯ ಪ್ರಕರಣದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಬ್ಬ ವೃದ್ಧೆ ತನ್ನ ಜಮೀನನ್ನು ಮಗಳಿಗೆ ದಾನ ಕೊಟ್ಟರು. ತನ್ನ ಒಡಹುಟ್ಟಿದವರಿಗೆ ವರ್ಷಕ್ಕೆ 653 ರೂಪಾಯಿ ಕೊಡಬೇಕು ಎಂದು ದಾನಪತ್ರದಲ್ಲಿ ಷರತ್ತು ಹಾಕಿದರು. ಮಗಳು ಅದೇ ದಿನ ಆ ಒಡಹುಟ್ಟಿದವರಿಗೇ ಬೇರೆ ಪತ್ರ ಬರೆದುಕೊಟ್ಟು ಕೊಡುತ್ತೇನೆ ಎಂದಳು. ಆಮೇಲೆ ಕೊಡಲಿಲ್ಲ. 'ನನಗೆ ನೀವೇನು ಕೊಟ್ಟಿರಿ?' ಎನ್ನುವ ವಾದ ಬಂತು. ಕೊಟ್ಟದ್ದು ತಾಯಿ, ಅದೇ ಸಾಕು ಎಂದು ನ್ಯಾಯಾಲಯ ಹೇಳಿತು.

ಇದನ್ನು ಓದಿದ ಅನೇಕರು 'ಭಾರತದಲ್ಲಿ ಹೊರಗಿನವರೂ ದಾವೆ ಹಾಕಬಹುದು' ಎಂದು ತೀರ್ಮಾನಿಸಿಬಿಡುತ್ತಾರೆ. ಅಲ್ಲೇ ಎಡವುವುದು. ಆ ಪ್ರಕರಣದಲ್ಲಿ ದಾವೆ ಹಾಕಿದವರ ಕೈಯಲ್ಲಿ ಮಗಳು ಅವರಿಗೇ ಬರೆದುಕೊಟ್ಟ ಪತ್ರ ಇತ್ತು. ಅವರು ಕರಾರಿನ ಹೊರಗಿನವರಾಗಿರಲಿಲ್ಲ. ಪ್ರತಿಫಲದ ಹೊರಗಿನವರು ಮಾತ್ರ. 2(ಡಿ) ತೆರೆಯುವುದು ಒಂದು ಬಾಗಿಲನ್ನು. ಪಕ್ಷಗಾರಿಕೆಯ ಬಾಗಿಲು ಇನ್ನೂ ಮುಚ್ಚೇ ಇದೆ.

ಮುಚ್ಚಿದೆ ಎಂಬುದಕ್ಕೆ ಎರಡು ತೀರ್ಪು ಸಾಕು. 1911ರ ಜಮ್ನಾದಾಸ್ ವಿರುದ್ಧ ರಾಮ್ ಔತಾರ್ ಪಾಂಡೆ ಪ್ರಕರಣದಲ್ಲಿ ಒಂದು ಜಮೀನು 40,000 ರೂಪಾಯಿಗೆ ಅಡವಿತ್ತು. ಅದನ್ನು 44,000ಕ್ಕೆ ಮಾರಿದಾಗ, ಅಡವು ತೀರಿಸುವುದಕ್ಕೆಂದು ಕೊಂಡವನು 40,000 ತನ್ನ ಹತ್ತಿರವೇ ಉಳಿಸಿಕೊಂಡ. ತೀರಿಸಲಿಲ್ಲ. ಅಡವು ಇಟ್ಟುಕೊಂಡವನು ಕೊಂಡವನ ಮೇಲೆ ಖುದ್ದು ಹಣಕ್ಕೆ ದಾವೆ ಹಾಕಿದಾಗ, ಆಗ ಭಾರತದ ಅಪೀಲುಗಳ ಕೊನೆಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಮಾತು ಕೊಟ್ಟದ್ದು ಮಾರಿದವನಿಗೆ, ಅಡವು ಇಟ್ಟುಕೊಂಡವನಿಗೆ ಅಲ್ಲ. ನಮ್ಮಲ್ಲಿ ಅಂಗಡಿ ಕೈಬದಲಾಗುವಾಗ 'ಹಳೇ ಹೋಲ್‌ಸೇಲ್ ಬಾಕಿ ನಾನು ಕೊಡ್ತೀನಿ ಬಿಡಿ' ಎಂದು ಕೊಂಡವನು ಮಾರಿದವನಿಗೆ ಹೇಳುವ ಮಾತೂ ಇದೇ ಜಾತಿಯದ್ದು. ಆ ಮಾತಿನ ಮೇಲೆ ಹೋಲ್‌ಸೇಲ್‌ನವನು ಹೊಸಬನನ್ನು ನ್ಯಾಯಾಲಯಕ್ಕೆ ಎಳೆಯಲಾರ.

ಎರಡನೆಯದು ಎಂ.ಸಿ. ಚಾಕೋ ವಿರುದ್ಧ ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರು. ಇದು 1969ರ ಸುಪ್ರೀಂ ಕೋರ್ಟ್ ತೀರ್ಪು. ಹೈಲ್ಯಾಂಡ್ ಬ್ಯಾಂಕ್ ಎಂಬ ಸಂಸ್ಥೆ ಕೊಟ್ಟಾಯಂ ಬ್ಯಾಂಕಿನಿಂದ ಸಾಲ ಪಡೆದಿತ್ತು. ಅದರ ಮ್ಯಾನೇಜರ್ ಚಾಕೋ, ಜಾಮೀನು ನಿಂತವರು ಅವರ ತಂದೆ. ತಂದೆ 1951ರಲ್ಲಿ ಆಸ್ತಿಯನ್ನು ಮನೆಯವರಿಗೆ ಹಂಚುವಾಗ, ಕೊಟ್ಟಾಯಂ ಬ್ಯಾಂಕಿಗೆ ಏನಾದರೂ ಸಾಲ ಬಂದರೆ ಅದು ಚಾಕೋ ಹೊಣೆ ಎಂದು ಪತ್ರದಲ್ಲಿ ಬರೆದರು. ಆ ಬ್ಯಾಂಕಿನ ಹಕ್ಕು ನಂತರ ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರಿಗೆ ಬಂತು. ಅದು ಈ ಪತ್ರ ಹಿಡಿದು, ಚಾಕೋ ಪಾಲಿಗೆ ಬಂದ ಆಸ್ತಿಯ ಮೇಲೆ ನಮಗೆ ಹಕ್ಕಿದೆ ಎಂದಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಮನೆಯವರ ನಡುವೆ ಹೊಣೆ ಹಂಚಿಕೊಂಡ ಪತ್ರ. ಬ್ಯಾಂಕ್ ಅದರಲ್ಲಿ ಪಕ್ಷಗಾರನಲ್ಲ. ಆಸ್ತಿಯ ಮೇಲೆ ಬ್ಯಾಂಕಿಗೆ ಹೊರೆ ಕೂರಿಸುವ, ಅಂದರೆ ಆ ಆಸ್ತಿಯಿಂದಲೇ ಸಾಲ ವಸೂಲಿ ಮಾಡುವ ಹಕ್ಕು ಕೊಡುವ ಉದ್ದೇಶವೂ ಮಾತುಗಳಲ್ಲಿ ಇಲ್ಲ. ಹೊರಗಿನವರು ದಾವೆ ಹಾಕಲಾರರು, ಕೆಲವು ಅಪವಾದಗಳನ್ನು ಬಿಟ್ಟು ಎಂದಿತು.

ದೊಡ್ಡಮ್ಮ ಆ ಅಪವಾದದಲ್ಲಿ ಬರುತ್ತಾರೆಯೇ? ಸಂಬಂಧಪಟ್ಟವು ಎರಡು. ಒಂದು, ಹಣ ಅಥವಾ ಆಸ್ತಿಯನ್ನು ಅವರಿಗಾಗಿ ವಿಶ್ವಾಸದ ಮೇಲೆ ಇಟ್ಟುಕೊಂಡಿದ್ದಾನೆ, ಇಲ್ಲವೇ ಆಸ್ತಿಯ ಮೇಲೆ ಅವರ ಹೊರೆ ಇದೆ ಎಂದು ತೋರಿಸುವುದು. 1910ರಲ್ಲಿ ಪ್ರಿವಿ ಕೌನ್ಸಿಲ್ ಖ್ವಾಜಾ ಮುಹಮ್ಮದ್ ಖಾನ್ ಪ್ರಕರಣದಲ್ಲಿ ಇದನ್ನು ಒಪ್ಪಿತ್ತು. ಮಗನ ಮದುವೆಯ ಕರಾರಿನಲ್ಲಿ ಸೊಸೆಗೆ ತಿಂಗಳಿಗೆ 500 ರೂಪಾಯಿ ಕೊಡುತ್ತೇನೆ, ಅದು ಇಂಥ ಆಸ್ತಿಯಿಂದ ಬರಲಿ ಎಂದು ಮಾವ ಬರೆದಿದ್ದರು. ಸೊಸೆ ಆ ಕರಾರಿಗೆ ಪಕ್ಷಗಾರಳಲ್ಲದಿದ್ದರೂ ಗೆದ್ದಳು. ಎರಡನೆಯದು, ಮದುವೆ ಮತ್ತು ಕುಟುಂಬದ ಏರ್ಪಾಡುಗಳು. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 15(ಸಿ) ಕಲಂ ಇದನ್ನು ಬರೆದೇ ಇಟ್ಟಿದೆ. ಮದುವೆಯ ಸಂದರ್ಭದ ಆಸ್ತಿ ಏರ್ಪಾಡು, ಅಥವಾ ಒಂದೇ ಕುಟುಂಬದವರ ನಡುವೆ ಅನುಮಾನದಲ್ಲಿದ್ದ ಹಕ್ಕುಗಳ ರಾಜಿ ಆಗಿದ್ದರೆ, ಅದರ ಲಾಭಕ್ಕೆ ಹಕ್ಕುಳ್ಳವರು ದಾವೆ ಹಾಕಬಹುದು.

ದೊಡ್ಡಪ್ಪನ ಕರಾರು ಇವೆರಡರ ಅಂಚಿನಲ್ಲಿ ನಿಲ್ಲುತ್ತದೆ. ಅದು ಮದುವೆಯ ಏರ್ಪಾಡಲ್ಲ. ಜಗಳದ ರಾಜಿಯೂ ಅಲ್ಲ. ಅಂಗಡಿಯನ್ನು ಬೆಲೆಗೆ ಕೊಟ್ಟ ವ್ಯಾಪಾರದ ಕರಾರು. 'ಅಂಗಡಿ ಆದಾಯದಿಂದ ಕೊಡತಕ್ಕದ್ದು' ಎಂದು ಬರೆದಿದ್ದರೆ ಹೊರೆಯ ವಾದಕ್ಕೆ ಸ್ವಲ್ಪ ಜೀವ ಬರುತ್ತದೆ. ಆದರೆ ಚಾಕೋ ತೀರ್ಪಿನ ನಂತರ ಅಷ್ಟಕ್ಕೇ ಭರವಸೆ ಇಡುವಂತಿಲ್ಲ. ಕುಟುಂಬದ ಏರ್ಪಾಡು ಎಂದು ನ್ಯಾಯಾಲಯ ವಿಶಾಲವಾಗಿ ನೋಡಿದರೂ ನೋಡೀತು. ವೃದ್ಧೆಯೊಬ್ಬಳ ಊಟದ ಹಣವನ್ನು ಆ 'ಆದೀತು, ಆಗದೇ ಇದ್ದೀತು' ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಇಲ್ಲೂ ಸುರಕ್ಷಿತ ದಾರಿ ರೂತ್ ಹಿಡಿದ ದಾರಿಯೇ. ಅದೇ ನಿರ್ದಿಷ್ಟ ಪರಿಹಾರ ಅಧಿನಿಯಮದ 15(ಬಿ) ಕಲಮಿನ ಪ್ರಕಾರ ಪಕ್ಷಗಾರನ ಹಕ್ಕಿನ ಪ್ರತಿನಿಧಿಯೂ ನಿರ್ದಿಷ್ಟ ಪಾಲನೆ ಕೇಳಬಹುದು. ಮಕ್ಕಳಿಲ್ಲದ ಹಿಂದೂ ಗಂಡ ಉಯಿಲಿಲ್ಲದೆ ತೀರಿಕೊಂಡರೆ ವಿಧವೆ ಮೊದಲ ದರ್ಜೆಯ ವಾರಸುದಾರಳು. ಹೀಗಾಗಿ ದೊಡ್ಡಮ್ಮ ದಾವೆಯಲ್ಲಿ ತಾವು ಲಾಭ ಪಡೆಯಬೇಕಾದವರು ಎಂದಷ್ಟೇ ಬರೆಯದೆ, ಗಂಡನ ವಾರಸುದಾರಳಾಗಿ ಅವರ ಹಕ್ಕನ್ನು ನಡೆಸುತ್ತಿದ್ದೇನೆ ಎಂದು ಸ್ಪಷ್ಟವಾಗಿ ಬರೆಯಬೇಕು. ಎರಡೂ ರೂಪ ಒಂದೇ ದಾವೆಯಲ್ಲಿ ಇರಲಿ. ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ.

ನಷ್ಟದ ಕಗ್ಗಂಟು ನಮ್ಮಲ್ಲಿ ಈಗ ಸ್ವಲ್ಪ ಸಡಿಲವಾಗಿದೆ. ಈ ಅಧಿನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯ ಮುಂಚೆ ನಿರ್ದಿಷ್ಟ ಪಾಲನೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ನಷ್ಟ ಪರಿಹಾರ ಸಾಲುತ್ತದೆಯೇ ಎಂಬುದನ್ನೂ ನೋಡುತ್ತಿದ್ದರು. ಈಗ 10ನೇ ಕಲಮಿನ ಪ್ರಕಾರ, ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ, ನ್ಯಾಯಾಲಯ ಕರಾರನ್ನು ಜಾರಿ ಮಾಡಲೇಬೇಕು. ನಷ್ಟ ಹೆಸರಿಗೆ ಮಾತ್ರ ಎಂಬ ಜಾನ್‌ನ ವಾದಕ್ಕೆ ಇಲ್ಲಿ ಮೊದಲಿನ ಬಲ ಇಲ್ಲ. ಕಾಲಮಿತಿ ಮಾತ್ರ ಮರೆಯಬಾರದು. ಕರಾರಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. 'ಮನೆಯವನೇ ತಾನೆ, ಕೊಡ್ತಾನೆ ಬಿಡು' ಎಂದು ಕಾಯುತ್ತಾ ಕೂತರೆ ಹಳೆಯ ಕಂತುಗಳು ಕೈಬಿಟ್ಟು ಹೋಗುತ್ತವೆ.

ಕರಾರು ಬರೆಯುವ ದಿನ ಮಾಡಬಹುದಾದದ್ದು

ಇಷ್ಟೆಲ್ಲ ದಾವೆ, ಅಪೀಲು ಆದ ಮೇಲಿನ ಕಥೆ. ಕರಾರು ಬರೆಯುವ ದಿನವೇ ಇದನ್ನು ಕತ್ತರಿಸಬಹುದಿತ್ತು. ಇಲ್ಲಿಯೇ ಎರಡು ದೇಶಗಳ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ.

ಎಕಲ್ಸ್‌ನಲ್ಲಿ ರೂತ್‌ರನ್ನು ಕರೆದು ಒಂದು ಸಹಿ ಹಾಕಿಸಿದ್ದರೆ ಪಕ್ಷಗಾರಿಕೆಯ ತೊಂದರೆ ಹೋಗುತ್ತಿತ್ತು. ಆದರೆ ಪ್ರತಿಫಲ ಎಲ್ಲಿ ಎಂಬ ಪ್ರಶ್ನೆಯನ್ನು ಜಾನ್ ಎತ್ತಬಹುದಿತ್ತು. ಅದಕ್ಕೆ ಅಲ್ಲಿನ ವಕೀಲರು ಡೀಡ್ ಎಂಬ ಬೇರೆ ರೂಪದ ಪತ್ರ ಬರೆಸುತ್ತಾರೆ, ಅದಕ್ಕೆ ಪ್ರತಿಫಲ ಬೇಕಿಲ್ಲ. ದಾವಣಗೆರೆಯಲ್ಲಿ ಅದೂ ಬೇಡ. ದೊಡ್ಡಮ್ಮ ಮೂರನೇ ಪಕ್ಷಗಾರರಾಗಿ ಸಹಿ ಹಾಕಿ, 'ಈ ಹಣವನ್ನು ನಾನು ನಿಮಗೇ ಕೊಡುತ್ತೇನೆ' ಎಂದು ತಮ್ಮನ ಮಗ ಅವರಿಗೇ ಮಾತು ಕೊಟ್ಟರೆ ಸಾಕು. ಅವರೀಗ ಮಾತು ಪಡೆದವರು. ಪ್ರತಿಫಲ ಗಂಡನಿಂದ ಬಂತು, ಅದನ್ನು 2(ಡಿ) ಒಪ್ಪುತ್ತದೆ. ಚಿನ್ನಯ್ಯ ಪ್ರಕರಣದಲ್ಲಿ ಮಗಳು ಅದೇ ದಿನ ಬರೆದುಕೊಟ್ಟ ಆ ಇನ್ನೊಂದು ಪತ್ರ ಮಾಡಿದ ಕೆಲಸವೂ ಇದೇ.

ಸಹಿ ಮರೆತು ಕರಾರು ಆಗಲೇ ಆಗಿಹೋಗಿದ್ದರೆ, ದೊಡ್ಡಪ್ಪ ಬದುಕಿರುವಾಗಲೇ ತಮ್ಮನ ಮಗನಿಂದ ದೊಡ್ಡಮ್ಮನ ಹೆಸರಿಗೆ ಒಂದು ಪತ್ರ ಬರೆಸಿಕೊಳ್ಳಬಹುದು. ಅವನು ಒಪ್ಪದಿದ್ದರೆ ಅದೇ ಒಂದು ಎಚ್ಚರಿಕೆ. ಆಗ ದೊಡ್ಡಪ್ಪ ಉಯಿಲಿನಲ್ಲಿ ಆಸ್ತಿ ನಡೆಸುವವರಾಗಿ ತಮ್ಮನ ಮಗನ ಹೆಸರನ್ನು ಬರೆಯಬಾರದು, ಹೆಂಡತಿಯ ಹೆಸರನ್ನು ಬರೆಯಬೇಕು.